ಓಡುವಾಗ ತಣ್ಣಗೆ, ಸಿಗ್ನಲ್‌ನಲ್ಲಿ ಬಿಸಿ: ಕಾರಿನ ಎಸಿಯಲ್ಲಿ ಫ್ಯಾನ್ ಕೆಟ್ಟಿದೆಯೋ, ಗ್ಯಾಸ್ ಕಡಿಮೆಯೋ ಕಂಡುಹಿಡಿಯುವುದು ಹೇಗೆ

ಕಳೆದ ವರ್ಷ ಏಪ್ರಿಲ್‌ನಲ್ಲಿ ಅಪ್ಪ ಅಮ್ಮನನ್ನು ಕೂರಿಸಿಕೊಂಡು ನಮ್ಮ ಹಳೆಯ ಚಿಕ್ಕ ಕಾರಿನಲ್ಲಿ ತುಮಕೂರಿಗೆ ಹೊರಟಿದ್ದೆ. ಗೊರಗುಂಟೆಪಾಳ್ಯದ ಸಿಗ್ನಲ್ ದಾಟುವಷ್ಟರಲ್ಲಿ ಅಮ್ಮ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಎಸಿಯಿಂದ ಬರುತ್ತಿದ್ದದ್ದು ಬರೀ ಬಿಸಿಗಾಳಿ. ನೆಲಮಂಗಲ ದಾಟಿ ಗಾಡಿ 80ಕ್ಕೆ ಬಂದ ಮೇಲೆ ಅದೇ ಅಮ್ಮ, "ಎಸಿ ಸ್ವಲ್ಪ ಕಮ್ಮಿ ಮಾಡೋ, ಚಳಿ ಆಗ್ತಿದೆ" ಅಂದರು.

ಅಷ್ಟೊತ್ತಿಗಾಗಲೇ ನಾನು ಎರಡು ಸಲ ಗ್ಯಾಸ್ ಹಾಕಿಸಿದ್ದೆ. ಎರಡನೇ ಸಲ ಹಾಕಿಸಿದ ಮೇಲೆ ಸಿಗ್ನಲ್‌ನಲ್ಲಿ ಕೂಲಿಂಗ್ ಮೊದಲಿಗಿಂತ ಹಾಳಾಗಿತ್ತು. ಹಾಗೇಕಾಯಿತು ಅನ್ನುವುದು ಅರ್ಥವಾದದ್ದು ಆಮೇಲೆ. "ಓಡುವಾಗ ಕೂಲಿಂಗ್, ನಿಂತರೆ ಇಲ್ಲ" ಅಂತ ಹೇಳಿದ ಕೂಡಲೇ ಬಹಳ ಕಡೆ ಕೈ ಹೋಗುವುದು ಗ್ಯಾಸ್ ಸಿಲಿಂಡರ್ ಕಡೆಗೆ. ಆದರೆ ಗ್ಯಾಸ್ ಮುಟ್ಟುವ ಮೊದಲು ಮನೆಯ ಮುಂದೆಯೇ ಮಾಡಬಹುದಾದ ಕೆಲವು ಪರೀಕ್ಷೆಗಳಿವೆ. ಅವಕ್ಕೆ ಬೇಕಾದದ್ದು ಒಂದು ಥರ್ಮಾಮೀಟರ್, ಒಂದು ಹಾಳೆ ಪೇಪರ್, ಒಂದು ಬಕೆಟ್ ನೀರು, ಜೊತೆಗೆ ಆಕ್ಸಿಲರೇಟರ್ ಒತ್ತಲು ಇನ್ನೊಬ್ಬರು.

ನಿಂತಾಗ ಆಗುವುದೇನು

ಕಾರಿನ ಒಳಗಿನ ಬಿಸಿಯನ್ನೆಲ್ಲ ಗ್ಯಾಸ್ ಹೊತ್ತು ತಂದು ಹೊರಗೆ ಬಿಡುವ ಜಾಗ ಕಂಡೆನ್ಸರ್. ಗ್ರಿಲ್‌ನ ಹಿಂದೆ, ರೇಡಿಯೇಟರ್‌ನ ಮುಂದೆ ಇರುವ ತೆಳ್ಳಗಿನ ಜಾಲರಿಯೇ ಅದು. ಕಂಪ್ರೆಸರ್ ಗ್ಯಾಸನ್ನು ಒತ್ತಿ, ಬಿಸಿಯಾಗಿ ಇಲ್ಲಿಗೆ ಕಳಿಸುತ್ತದೆ. ಇಲ್ಲಿ ಗಾಳಿ ತಾಗಿ ಆ ಗ್ಯಾಸ್ ದ್ರವವಾಗಬೇಕು. ಹಾಗಾದರೆ ಮಾತ್ರ ಅದು ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ಗೆ ಹೋಗಿ ತಂಪು ಕೊಡುತ್ತದೆ.

ಗಾಡಿ ಓಡುವಾಗ ಎದುರುಗಾಳಿಯೇ ಕಂಡೆನ್ಸರ್‌ಗೆ ಧಾರಾಳವಾಗಿ ಬಡಿಯುತ್ತದೆ. ಆಗ ಫ್ಯಾನ್ ಸತ್ತಿದ್ದರೂ ಗೊತ್ತಾಗುವುದಿಲ್ಲ. ಸಿಗ್ನಲ್‌ನಲ್ಲಿ ನಿಂತ ಕ್ಷಣ ಎರಡು ಸಂಗತಿ ಒಟ್ಟಿಗೆ ಆಗುತ್ತವೆ. ಎದುರುಗಾಳಿ ನಿಲ್ಲುತ್ತದೆ. ಎಂಜಿನ್ ಸುಮಾರು 800 ಆರ್‌ಪಿಎಂಗೆ ಇಳಿಯುವುದರಿಂದ, ಅದರ ಬೆಲ್ಟ್‌ನಿಂದಲೇ ತಿರುಗುವ ಕಂಪ್ರೆಸರ್ ಕೂಡ ನಿಧಾನವಾಗುತ್ತದೆ.

ಗೊಂದಲ ಹುಟ್ಟುವುದು ಇಲ್ಲೇ. ಫ್ಯಾನ್ ಕೆಟ್ಟಿದ್ದರೆ ಗಾಳಿ ನಿಂತ ಕಾರಣಕ್ಕೆ ಕೂಲಿಂಗ್ ಹೋಗುತ್ತದೆ. ಗ್ಯಾಸ್ ಕಡಿಮೆ ಇದ್ದರೆ, ಅಥವಾ ಕಂಪ್ರೆಸರ್ ಸವೆದಿದ್ದರೆ, ಅದರ ವೇಗ ಇಳಿದ ಕಾರಣಕ್ಕೆ ಹೋಗುತ್ತದೆ. ಒಳಗೆ ಕೂತವರಿಗೆ ಎರಡೂ ಒಂದೇ ಥರ. ಹಾಗಾಗಿ ಗಾಳಿ ಕೊಡದೆ ಎಂಜಿನ್ ವೇಗ ಏರಿಸಿ ಒಮ್ಮೆ ನೋಡಬೇಕು, ಎಂಜಿನ್ ವೇಗ ಏರಿಸದೆ ಕಂಡೆನ್ಸರ್ ತಂಪು ಮಾಡಿ ಇನ್ನೊಮ್ಮೆ ನೋಡಬೇಕು. ಮುಂದಿನ ಪರೀಕ್ಷೆಗಳ ಗುಟ್ಟು ಇಷ್ಟೇ.

ಶುರು ಮಾಡುವ ಮೊದಲು ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಬೇಡಿ, ಹೊಗೆ ತುಂಬುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್‌ಗೆ ಹಾಕಿ, ಆಟೊಮ್ಯಾಟಿಕ್ ಆದರೆ ಪಾರ್ಕ್‌ಗೆ. ಬಾನೆಟ್ ಕೆಳಗಿನ ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು. ದುಪಟ್ಟಾ, ಸೆರಗು, ಸಡಿಲ ತೋಳು, ಜಡೆ ಎಲ್ಲವನ್ನೂ ದೂರ ಇಡಿ. ಪರೀಕ್ಷೆಯ ಉದ್ದಕ್ಕೂ ಎಂಜಿನ್ ಟೆಂಪರೇಚರ್ ಮೇಲೆ ಒಂದು ಕಣ್ಣಿರಲಿ. ಅದು ಮಾಮೂಲಿಗಿಂತ ಮೇಲೇರಿದರೆ ಎಂಜಿನ್ ಆಫ್ ಮಾಡಿ. ಒಂದೇ ಫ್ಯಾನ್ ಇರುವ ಕಾರುಗಳಲ್ಲಿ ರೇಡಿಯೇಟರ್‌ಗೂ ಕಂಡೆನ್ಸರ್‌ಗೂ ಅದೇ ಗತಿ. ಅದು ಸತ್ತರೆ ಎಸಿ ಜೊತೆ ಎಂಜಿನ್ನೂ ಕಾಯುತ್ತದೆ.

ಮೊದಲ ಹೆಜ್ಜೆ: ಥರ್ಮಾಮೀಟರ್

ಕೈಯಲ್ಲಿ ಮುಟ್ಟಿ "ಸ್ವಲ್ಪ ತಣ್ಣಗಿದೆ" ಅನ್ನುವ ಲೆಕ್ಕ ಬೇಡ. ಅಡುಗೆಗೆ ಬಳಸುವ ಕಡ್ಡಿಯಂಥ ಡಿಜಿಟಲ್ ಥರ್ಮಾಮೀಟರ್ ಸಾಕು. ಅದನ್ನು ಮಧ್ಯದ ವೆಂಟ್‌ನಲ್ಲಿ ಸಿಗಿಸಿ. ಎಸಿ ಪೂರ್ತಿ ತಂಪಿಗೆ, ಬ್ಲೋವರ್ ಎರಡನೇ ಸ್ಪೀಡ್‌ಗೆ, ಒಳಗಿನ ಗಾಳಿಯೇ ಸುತ್ತುವ ಬಟನ್ ಆನ್, ಕಿಟಕಿಗಳು ಮುಚ್ಚಿರಲಿ. ಹದಿನೈದು ನಿಮಿಷ ರಸ್ತೆಯಲ್ಲಿ ಓಡಿಸಿ ಅಂಕಿ ಬರೆದುಕೊಳ್ಳಿ. ಆಮೇಲೆ ನಿಲ್ಲಿಸಿ, ಆಕ್ಸಿಲರೇಟರ್ ಒತ್ತದೆ ಐಡಲ್‌ನಲ್ಲಿ ಐದು ನಿಮಿಷ ಬಿಟ್ಟು ಮತ್ತೆ ಬರೆದುಕೊಳ್ಳಿ.

ನನ್ನ ಕಾರಿನಲ್ಲಿ ಓಡುವಾಗ 9 ಡಿಗ್ರಿ ಇದ್ದದ್ದು ನಿಂತ ಐದು ನಿಮಿಷಕ್ಕೆ 24 ಆಯಿತು. ಆ ದಿನ ಹೊರಗೆ 33 ಡಿಗ್ರಿ. ಚೆನ್ನಾಗಿರುವ ಎಸಿಯಲ್ಲೂ ನಿಂತಾಗ ಮೂರು ನಾಲ್ಕು ಡಿಗ್ರಿ ಏರುವುದು ಸಹಜ, ಅದಕ್ಕೆ ಗಾಬರಿ ಬೇಡ. ಹದಿನೈದು ಡಿಗ್ರಿ ಏರಿದರೆ ಮಾತ್ರ ಖಂಡಿತ ಏನೋ ಕೆಟ್ಟಿದೆ.

ಎರಡನೇ ಹೆಜ್ಜೆ: ಫ್ಯಾನ್ ಕಣ್ಣಾರೆ ನೋಡುವುದು

ಎಂಜಿನ್ ಐಡಲ್‌ನಲ್ಲಿರಲಿ, ಎಸಿ ಆನ್ ಇರಲಿ, ಬಾನೆಟ್ ತೆರೆಯಿರಿ. ಮೊದಲು ಕಂಪ್ರೆಸರ್ ಕಡೆ ನೋಡಿ. ಕ್ಲಚ್ ಇರುವ ಕಂಪ್ರೆಸರ್ ಆದರೆ ಎಸಿ ಹಾಕಿದಾಗ 'ಟಕ್' ಅಂತ ಸದ್ದಾಗಿ ಪುಲ್ಲಿಯ ಮುಂದಿನ ತಟ್ಟೆಯೂ ತಿರುಗಲು ಶುರುವಾಗುತ್ತದೆ. ಕಂಪ್ರೆಸರ್ ಹಿಡಿದ ಮೇಲೆ ಫ್ಯಾನ್ ತಿರುಗುತ್ತಿದೆಯೇ ಅಂತ ನೋಡಿ.

ಈ ಕ್ರಮ ತಪ್ಪಿಸಬೇಡಿ. ಗ್ಯಾಸ್ ತೀರಾ ಇಳಿದಿದ್ದರೆ ಪ್ರೆಶರ್ ಸ್ವಿಚ್ ಕಂಪ್ರೆಸರ್ ಹಿಡಿಯಲು ಬಿಡುವುದಿಲ್ಲ. ಎಷ್ಟೋ ಕಾರುಗಳಲ್ಲಿ ಕಂಪ್ರೆಸರ್ ಹಿಡಿಯದಿದ್ದರೆ ಕಂಡೆನ್ಸರ್ ಫ್ಯಾನ್ ಕೂಡ ತಿರುಗುವುದಿಲ್ಲ. ಅಂದರೆ ಫ್ಯಾನ್ ನಿಂತಿದೆ ಅನ್ನುವ ಒಂದೇ ಕಾರಣಕ್ಕೆ ಅದು ಕೆಟ್ಟಿದೆ ಅನ್ನುವಂತಿಲ್ಲ. ಕಂಪ್ರೆಸರ್ ಹಿಡಿದಿದ್ದೂ ಫ್ಯಾನ್ ತಿರುಗದಿದ್ದರೆ ಮಾತ್ರ ಫ್ಯಾನ್ ಮೇಲೆ ಅನುಮಾನ ಪಡಿ. ಕೆಲವು ಹೊಸ ಕಾರುಗಳಲ್ಲಿ ಒತ್ತಡ ಏರಿದ ಮೇಲಷ್ಟೇ ಫ್ಯಾನ್ ಶುರುವಾಗುತ್ತದೆ. ಹಾಗಾಗಿ ಮೂರು ನಾಲ್ಕು ನಿಮಿಷ ಕಾಯಿರಿ.

ಫ್ಯಾನ್ ಎಷ್ಟಿವೆ ಅಂತಲೂ ಎಣಿಸಿ. ಎರಡು ಫ್ಯಾನ್ ಇರುವ ಕಾರಿನಲ್ಲಿ ಸಾಮಾನ್ಯವಾಗಿ ಒಂದು ರೇಡಿಯೇಟರ್‌ದು, ಒಂದು ಕಂಡೆನ್ಸರ್‌ದು. ಒಂದು ತಿರುಗುತ್ತಿದ್ದರೆ ಎಲ್ಲ ಸರಿ ಇದೆ ಅಂತ ಅಂದುಕೊಂಡುಬಿಡುತ್ತೇವೆ. ನನ್ನದೂ ಅದೇ ತಪ್ಪು. ರೇಡಿಯೇಟರ್ ಫ್ಯಾನ್ ಸರಿಯಿದ್ದದ್ದರಿಂದ ಎಂಜಿನ್ ಕಾಯುತ್ತಿರಲಿಲ್ಲ, ಬಾನೆಟ್ ಒಳಗಿಂದ ಫ್ಯಾನ್ ಸದ್ದೂ ಬರುತ್ತಿತ್ತು. ಪಕ್ಕದ ಚಿಕ್ಕ ಫ್ಯಾನ್ ಸುಮ್ನೆ ನಿಂತಿತ್ತು. ಒಂದೇ ಫ್ಯಾನ್ ಇರುವ ಕಾರಿನಲ್ಲಿ ಅದಕ್ಕೆ ಸಾಮಾನ್ಯವಾಗಿ ಎರಡು ಸ್ಪೀಡ್. ಕೆಲವದರಲ್ಲಿ ಕಡಿಮೆ ಸ್ಪೀಡ್‌ಗೆಂದು ಒಂದು ರೆಸಿಸ್ಟರ್ ಇರುತ್ತದೆ. ಅದು ಸುಟ್ಟರೆ ಎಸಿ ಹಾಕಿದಾಗ ಫ್ಯಾನ್ ಸುಮ್ಮನಿದ್ದು, ಎಂಜಿನ್ ಚೆನ್ನಾಗಿ ಕಾದ ಮೇಲೆ ಒಮ್ಮೆಲೇ ಜೋರಾಗಿ ತಿರುಗುತ್ತದೆ.

ತಿರುಗಿದರಷ್ಟೇ ಸಾಲದು, ಗಾಳಿ ಎಳೆಯಬೇಕು. ಫ್ಯಾನ್ ರೇಡಿಯೇಟರ್‌ನ ಹಿಂದೆ ಇದ್ದರೆ, ಹೊರಗಿನಿಂದ ಗ್ರಿಲ್‌ನ ಮುಂದೆ ಒಂದು ಹಾಳೆ ನ್ಯೂಸ್‌ಪೇಪರ್ ಹಿಡಿಯಿರಿ. ಅದು ಗ್ರಿಲ್‌ಗೆ ಅಂಟಿಕೊಂಡು ನಿಲ್ಲಬೇಕು. ಅಂಟದೆ ಜಾರಿದರೆ ಮೋಟಾರ್ ಸೋತಿದೆ, ಇಲ್ಲವೇ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಧೂಳು, ಹುಳ, ಒಣ ಎಲೆ ತುಂಬಿಕೊಂಡಿದೆ. ಪೇಪರ್ ಆಚೆಗೆ ಹಾರಿದರೆ ಫ್ಯಾನ್ ಉಲ್ಟಾ ತಿರುಗುತ್ತಿದೆ. ಹೊಸ ಮೋಟಾರ್ ಹಾಕುವಾಗ ಎರಡು ವೈರ್ ಅದಲುಬದಲಾದರೆ ಹೀಗಾಗುತ್ತದೆ.

ಮೂರನೇ ಹೆಜ್ಜೆ: ಗಾಳಿಯಿಲ್ಲದೆ ಎಂಜಿನ್ ವೇಗ ಏರಿಸುವುದು

ಗಾಡಿ ನಿಂತೇ ಇರಲಿ. ವೆಂಟ್‌ನ ಅಂಕಿ ಮೇಲೇರಿ ಒಂದು ಕಡೆ ನಿಂತ ಮೇಲೆ ಆಕ್ಸಿಲರೇಟರ್ ನಿಧಾನಕ್ಕೆ ಒತ್ತಿ 2000 ಆರ್‌ಪಿಎಂನಲ್ಲಿ ಎರಡು ನಿಮಿಷ ಹಿಡಿಯಿರಿ.

ಅಂಕಿ ಸರಸರನೆ ಇಳಿದರೆ ಕಂಡೆನ್ಸರ್‌ಗೆ ಗಾಳಿ ಸಾಕಾಗುತ್ತಿದೆ ಅಂತ ಅರ್ಥ. ಐಡಲ್‌ನಲ್ಲಿ ಕಂಪ್ರೆಸರ್ ಸಾಕಷ್ಟು ಗ್ಯಾಸ್ ತಳ್ಳುತ್ತಿಲ್ಲ. ಗ್ಯಾಸ್ ಕಡಿಮೆ ಇರಬಹುದು, ಕಂಪ್ರೆಸರ್ ಸವೆದಿರಬಹುದು, ಬೆಲ್ಟ್ ಜಾರುತ್ತಿರಬಹುದು. ಅಂಕಿ ಇಳಿಯದಿದ್ದರೆ, ಅಥವಾ ಇನ್ನೂ ಏರಿದರೆ, ಗಾಳಿಯೇ ಸಾಲುತ್ತಿಲ್ಲ. ಕಂಪ್ರೆಸರ್ ಜೋರಾಗಿ ತಳ್ಳಿದಷ್ಟೂ ಹೊರಹೋಗಲಾಗದ ಬಿಸಿ ಕಂಡೆನ್ಸರ್‌ನಲ್ಲೇ ಕೂಡಿಕೊಳ್ಳುತ್ತದೆ. ನನ್ನದರಲ್ಲಿ 24 ಇದ್ದದ್ದು 26 ಆಯಿತು, ಆಮೇಲೆ ಕಂಪ್ರೆಸರ್ ತಾನಾಗಿಯೇ ಕಟ್ ಆಯಿತು.

ಫ್ಯಾನ್ ಎಂಜಿನ್ ಬೆಲ್ಟ್‌ನಿಂದಲೇ ತಿರುಗುವ ಹಳೆಯ ಜೀಪು, ಎಸ್‌ಯುವಿಗಳಿಗೆ ಈ ಪರೀಕ್ಷೆ ಒಗ್ಗುವುದಿಲ್ಲ. ಎಂಜಿನ್ ವೇಗ ಏರಿದರೆ ಅಲ್ಲಿ ಫ್ಯಾನ್ ವೇಗವೂ ಏರುತ್ತದಲ್ವಾ. ಕಂಪ್ರೆಸರ್ ಕರೆಂಟಿನಿಂದ ಓಡುವ ಎಲೆಕ್ಟ್ರಿಕ್ ಕಾರುಗಳಿಗೂ ಇದು ಆಗಿಬರುವುದಿಲ್ಲ.

ನಾಲ್ಕನೇ ಹೆಜ್ಜೆ: ನೀರು

ಎಲ್ಲ ಪರೀಕ್ಷೆಗಿಂತ ನಾನು ಜಾಸ್ತಿ ನಂಬುವುದು ಇದನ್ನೇ. ಎಂಜಿನ್ ಮತ್ತೆ ಐಡಲ್‌ಗೆ ಬರಲಿ. ಅಂಕಿ ಬಿಸಿ ತೋರಿಸುತ್ತಿರುವಾಗ ಗ್ರಿಲ್ ಮುಂದಿನಿಂದ ಚೊಂಬಿನಲ್ಲಿ ನಿಧಾನವಾಗಿ ಕಂಡೆನ್ಸರ್ ಮೇಲೆ ನೀರು ಹರಿಸಿ. ಗಿಡಕ್ಕೆ ಔಷಧಿ ಹೊಡೆಯುವ ಕೈ ಸ್ಪ್ರೇಯರ್ ತೊಳೆದಿಟ್ಟದ್ದು ಇದ್ದರೆ ಇನ್ನೂ ಒಳ್ಳೆಯದು. ಇಡೀ ಜಾಲರಿ ನೆನೆಯಬೇಕು. ಬಾನೆಟ್ ಮೇಲಿನಿಂದ ಎಂಜಿನ್ ಮೇಲೆ, ಫ್ಯೂಸ್ ಬಾಕ್ಸ್ ಮೇಲೆ ಸುರಿಯಬೇಡಿ.

ಫ್ಯಾನ್ ಮಾಡಬೇಕಾದ ಕೆಲಸವನ್ನು ಈಗ ನೀರು ಮಾಡುತ್ತದೆ. ನೀರು ಬಿದ್ದ ಒಂದೆರಡು ನಿಮಿಷದಲ್ಲಿ ವೆಂಟ್ ತಣ್ಣಗಾದರೆ ದೋಷ ಗಾಳಿಯದು. ಒಳಗಿನ ಗ್ಯಾಸ್ ಕೆಲಸ ಮಾಡುವಷ್ಟು ಇದೆ. ನೀರು ಹಾಕಿದರೂ ಹೆಚ್ಚೇನೂ ಬದಲಾಗದೆ, 2000 ಆರ್‌ಪಿಎಂನಲ್ಲಿ ಮಾತ್ರ ತಣ್ಣಗಾದರೆ ಗ್ಯಾಸ್ ಅಥವಾ ಕಂಪ್ರೆಸರ್ ಕಡೆ ನೋಡಿ.

ನಮ್ಮ ಕಾರಿನ ಮುಂದೆ ಅಪ್ಪ ಚೊಂಬು ಹಿಡಿದು ನಿಂತಿದ್ದರು, ನಾನು ಒಳಗೆ ಅಂಕಿ ನೋಡುತ್ತಿದ್ದೆ. ಮೊದಲ ಚೊಂಬಿಗೆ ಗ್ರಿಲ್‌ನಿಂದ ಹಬೆಯಂಥದ್ದು ಎದ್ದಿತು. ನಾಲ್ಕನೇ ಚೊಂಬಿಗೆ 24ರಿಂದ 17. ಬಕೆಟ್ ಖಾಲಿಯಾಗುವಷ್ಟರಲ್ಲಿ 12. ಗ್ಯಾಸ್‌ಗೆಂದು ಎರಡು ಸಲ ಕೊಟ್ಟ ದುಡ್ಡು ನೆನಪಾಗಿ ಹೊಟ್ಟೆ ಉರಿಯಿತು.

ಫ್ಯಾನ್ ಅಂತ ಗೊತ್ತಾದ ಮೇಲೆ

ನೇರವಾಗಿ ಹೊಸ ಮೋಟಾರ್ ಕೊಳ್ಳಬೇಡಿ. ಮೊದಲು ಫ್ಯೂಸ್ ನೋಡಿ. ಸುಟ್ಟಿದ್ದರೆ ಅದೇ ಆಂಪಿಯರ್‌ನದು ಹಾಕಿ, ಜಾಸ್ತಿಯದು ಬೇಡ. ಹಾಕಿದ್ದು ಮತ್ತೆ ಸುಟ್ಟರೆ ಮೋಟಾರ್ ಜಾಮ್ ಆಗಿರಬಹುದು, ಇಲ್ಲ ವೈರ್ ಶಾರ್ಟ್ ಆಗಿರಬಹುದು. ಆಮೇಲೆ ಫ್ಯಾನ್‌ಗೆ ಕರೆಂಟ್ ಬಿಡುವ ಸ್ವಿಚ್‌ನಂಥ ರಿಲೇ. ಅದೇ ಬಾಕ್ಸ್‌ನಲ್ಲಿ ಅದೇ ನಂಬರಿನ ಇನ್ನೊಂದು ರಿಲೇ, ಎಷ್ಟೋ ಸಲ ಹಾರ್ನ್‌ದು, ಇರುತ್ತದೆ. ಅದನ್ನು ತೆಗೆದು ಇಲ್ಲಿ ಹಾಕಿ ನೋಡಿ.

ಎರಡೂ ಸರಿಯಿದ್ದರೆ ಫ್ಯಾನ್‌ನ ಕನೆಕ್ಟರ್ ಬಿಚ್ಚಿ, ಎಸಿ ಆನ್ ಇರುವಾಗ ಅಲ್ಲಿಗೆ ಕರೆಂಟ್ ಬರುತ್ತಿದೆಯೇ ಅಂತ ಟೆಸ್ಟ್ ಲ್ಯಾಂಪ್‌ನಿಂದ ನೋಡಬೇಕು. ಲ್ಯಾಂಪ್ ಚೆನ್ನಾಗಿ ಉರಿದರೆ ತಪ್ಪು ಮೋಟಾರಿನದು. ಉರಿಯದಿದ್ದರೆ ವೈರಿಂಗ್ ಅಥವಾ ಪ್ರೆಶರ್ ಸ್ವಿಚ್ ಕಡೆ ಹೋಗಬೇಕು. ಕನೆಕ್ಟರ್‌ನ ಪಿನ್ ಕಪ್ಪಾಗಿದೆಯೇ, ಪ್ಲಾಸ್ಟಿಕ್ ಕರಗಿದೆಯೇ ಅಂತಲೂ ನೋಡಿ. ಕರಗಿದ್ದರೆ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತಿರಬಹುದು. ಹಾಗಿದ್ದರೆ ಕನೆಕ್ಟರ್ ಮಾತ್ರ ಬದಲಿಸಿದರೆ ಅದೂ ಕರಗುತ್ತದೆ. ಕಾರ್ಬನ್ ಬ್ರಷ್ ಇಲ್ಲದ, ಒಳಗೇ ಕಂಟ್ರೋಲ್ ಇರುವ ಹೊಸ ಬಗೆಯ ಫ್ಯಾನ್‌ಗಳಿಗೆ ಈ ಲ್ಯಾಂಪ್ ಪರೀಕ್ಷೆ ಬೇಡ, ಅದನ್ನು ಸ್ಕ್ಯಾನರ್ ಇರುವವರ ಹತ್ತಿರ ತೋರಿಸಿ.

ನನ್ನ ಮೋಟಾರ್‌ಗೆ ಕರೆಂಟ್ ಬರುತ್ತಿತ್ತು, ತಿರುಗುತ್ತಿರಲಿಲ್ಲ. ಎಲೆಕ್ಟ್ರಿಷಿಯನ್ ಸ್ಕ್ರೂಡ್ರೈವರ್ ಹಿಡಿಯಿಂದ ಮೋಟಾರ್‌ನ ಹಿಂಭಾಗಕ್ಕೆ ಮೆಲ್ಲಗೆ ಎರಡು ಏಟು ಕೊಟ್ಟರು. ಫ್ಯಾನ್ ನಡುಗಿ ತಿರುಗತೊಡಗಿತು. ಎಸಿ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸ್ತಬ್ಧ. "ಬ್ರಷ್ ಮುಗಿದಿದೆ ಸಾರ್" ಅಂದರು. ಒಳಗಿನ ಕಾರ್ಬನ್ ಬ್ರಷ್ ಸವೆದು ಗಿಡ್ಡವಾಗಿ ತಾಗದೆ ನಿಂತಿತ್ತು. ತಟ್ಟಿದಾಗ ಒಂದು ಕ್ಷಣ ತಾಗುತ್ತಿತ್ತು ಅಷ್ಟೆ. ಬಿಚ್ಚಿ ಬ್ರಷ್ ಹಾಕಿಸಬಹುದು, ಆದರೆ ಬ್ರಷ್ ತಾಗುವ ತಾಮ್ರದ ಭಾಗದಲ್ಲೂ ಗೀರು ಬಿದ್ದಿದ್ದರೆ ಅದು ಬಹಳ ದಿನ ಬಾರದು. ನಾನು ಹೊಸ ಮೋಟಾರ್ ಹಾಕಿಸಿದೆ.

ಮೋಟಾರ್ ಹಾಕಿಸುವಾಗ ಕಂಡೆನ್ಸರ್ ತೊಳೆಸಿಬಿಡಿ. ಕಡಿಮೆ ಒತ್ತಡದ ನೀರು, ಸಾಧ್ಯವಾದರೆ ಹಿಂದಿನಿಂದ ಮುಂದಕ್ಕೆ. ಕಾರ್ ವಾಶ್‌ನ ಜೋರು ಪೈಪ್ ಹತ್ತಿರದಿಂದ ಹೊಡೆದರೆ ಅಲ್ಯೂಮಿನಿಯಂ ಎಲೆಗಳು ಮಲಗಿಬಿಡುತ್ತವೆ, ಗಾಳಿ ಹೋಗುವ ದಾರಿಯೇ ಮುಚ್ಚುತ್ತದೆ.

ಗ್ಯಾಸ್ ಅಂತ ಗೊತ್ತಾದರೆ

ಗ್ಯಾಸ್ ಪೆಟ್ರೋಲ್‌ನಂತೆ ಖರ್ಚಾಗುವ ವಸ್ತುವಲ್ಲ. ವರ್ಷಗಟ್ಟಲೆಯಲ್ಲಿ ತುಸು ಸೋರುವುದುಂಟು, ಆದರೆ ಒಂದೆರಡು ಬೇಸಿಗೆಯಲ್ಲಿ ಕಡಿಮೆಯಾದರೆ ಎಲ್ಲೋ ಲೀಕ್ ಇದೆ. ಕಂಡೆನ್ಸರ್‌ನ ಮುಂದಿನ ಭಾಗ, ಪೈಪ್ ಜೋಡಣೆಗಳು, ಗ್ಯಾಸ್ ತುಂಬುವ ವಾಲ್ವ್ ಇವುಗಳ ಸುತ್ತ ಎಣ್ಣೆಜಿಡ್ಡಿಗೆ ಧೂಳು ಮೆತ್ತಿಕೊಂಡಿದೆಯೇ ನೋಡಿ. ಗ್ಯಾಸ್ ಜೊತೆ ಕಂಪ್ರೆಸರ್ ಎಣ್ಣೆಯೂ ಹೊರಬರುವುದರಿಂದ ಆ ಕಲೆ ಉಳಿಯುತ್ತದೆ. ಕಂಪ್ರೆಸರ್ ಕ್ಲಚ್ ಕೆಲವೇ ಸೆಕೆಂಡಿಗೊಮ್ಮೆ ಟಕ್ ಟಕ್ ಅಂತ ಹಿಡಿದು ಬಿಡುತ್ತಿದ್ದರೆ ಅದೂ ಗ್ಯಾಸ್ ಕಡಿಮೆ ಅನ್ನುವುದಕ್ಕೆ ಒಂದು ಗುರುತು. ಗ್ಯಾಸ್ ಪೈಪ್‌ಗಳನ್ನು ನೀವೇ ಬಿಚ್ಚಬೇಡಿ. ಚಿಮ್ಮುವ ಗ್ಯಾಸ್ ತಾಗಿದರೆ ಚರ್ಮ ಹಿಮಗಟ್ಟುತ್ತದೆ, ಕಣ್ಣಿಗೆ ಬಿದ್ದರೆ ಕುರುಡಾಗಬಹುದು.

ಇಲ್ಲಿಂದ ಮುಂದೆ ಒತ್ತಡ ಅಳೆಯುವ ಗೇಜ್ ಬೇಕು, ಮೆಕ್ಯಾನಿಕ್ ಹತ್ತಿರ ಹೋಗಲೇಬೇಕು. ಎಂಜಿನ್ ಆಫ್ ಇರುವಾಗ ಗೇಜ್ ಹಾಕಿ "ಗ್ಯಾಸ್ ಸರಿಯಿದೆ" ಅಂದರೆ ಒಪ್ಪಬೇಡಿ. ಬಹಳಷ್ಟು ಕಾರುಗಳ ಎಸಿಯಲ್ಲಿರುವ ಆರ್134ಎ ಗ್ಯಾಸ್ 30 ಡಿಗ್ರಿಯಲ್ಲಿ ಸುಮಾರು 95 ಪಿಎಸ್‌ಐ ತೋರಿಸುತ್ತದೆ. ಪೈಪ್ ಒಳಗೆ 200 ಗ್ರಾಂ ಇದ್ದರೂ ಅಷ್ಟೇ, 400 ಗ್ರಾಂ ಇದ್ದರೂ ಅಷ್ಟೇ. ಅಡುಗೆ ಸಿಲಿಂಡರ್ ಅರ್ಧ ಖಾಲಿಯಾದರೂ ಒತ್ತಡ ಇಳಿಯುವುದಿಲ್ಲವಲ್ಲ, ಹಾಗೆ. ಎಂಜಿನ್ ಓಡುತ್ತಿರುವಾಗ ಕಂಪ್ರೆಸರ್‌ಗೆ ಗ್ಯಾಸ್ ಬರುವ ಕಡಿಮೆ ಒತ್ತಡದ ಕಡೆ, ಅಲ್ಲಿಂದ ಹೊರಡುವ ಹೆಚ್ಚು ಒತ್ತಡದ ಕಡೆ, ಎರಡರ ಗೇಜೂ ನೋಡಬೇಕು.

ಬೇಸಿಗೆಯ ದಿನ, ಐಡಲ್‌ನಲ್ಲಿ, ಆರೋಗ್ಯವಾಗಿರುವ ಚಿಕ್ಕ ಕಾರಿನಲ್ಲಿ ಕಡಿಮೆ ಒತ್ತಡದ ಕಡೆ ಸುಮಾರು 30ರಿಂದ 45, ಹೆಚ್ಚು ಒತ್ತಡದ ಕಡೆ 170ರಿಂದ 230 ಪಿಎಸ್‌ಐ ಇರುತ್ತದೆ. ಕಾರಿನಿಂದ ಕಾರಿಗೆ, ಹೊರಗಿನ ಬಿಸಿಲಿಗೆ ತಕ್ಕಂತೆ ಇದು ಬದಲಾಗುತ್ತದೆ. ಎರಡೂ ಕಡೆ ಕೆಳಗಿದ್ದರೆ ಗ್ಯಾಸ್ ಕಡಿಮೆ. ಎರಡೂ ಕಡೆ ಮೇಲಿದ್ದರೆ ಗಾಳಿ ಸಾಲದು, ಅಥವಾ ಗ್ಯಾಸ್ ಜಾಸ್ತಿಯಾಗಿದೆ. ಕಡಿಮೆ ಕಡೆ ಏರಿ, ಹೆಚ್ಚು ಕಡೆ ಇಳಿದು ಎರಡೂ ಹತ್ತಿರ ಹತ್ತಿರ ಬಂದಿದ್ದರೆ ಕಂಪ್ರೆಸರ್ ಸವೆದಿರಬಹುದು. ಆದರೆ ಗ್ಯಾಸ್ ತೂಕ ಸರಿಯಿದೆ ಅಂತ ಖಾತ್ರಿಯಾಗುವವರೆಗೆ ಕಂಪ್ರೆಸರ್ ಬದಲಿಸಲು ಒಪ್ಪಬೇಡಿ.

ನನ್ನ ಕಾರಿಗೆ ಫ್ಯಾನ್ ಸತ್ತಿದ್ದಾಗ ಗೇಜ್ ಹಾಕಿಸಿದ್ದೆ. ಕಡಿಮೆ ಕಡೆ 60, ಹೆಚ್ಚು ಕಡೆ 310 ಮತ್ತು ಇನ್ನೂ ಏರುತ್ತಿತ್ತು. ಹೊಸ ಫ್ಯಾನ್ ಹಾಕಿದ ಮೇಲೂ ಹೆಚ್ಚು ಕಡೆ 260ರ ಕೆಳಗೆ ಇಳಿಯಲಿಲ್ಲ. ಆಗ ಮೆಷಿನ್‌ನಿಂದ ಗ್ಯಾಸ್ ಎಳೆಸಿ ತೂಕ ಮಾಡಿಸಿದೆವು. ಬಾನೆಟ್ ಒಳಗಿನ ಸ್ಟಿಕ್ಕರ್‌ನಲ್ಲಿ ಬರೆದದ್ದು 400 ಗ್ರಾಂ, ಹೊರಬಂದದ್ದು 510. ಮೊದಲೇ ಬಿಸಿ ಹೊರಹಾಕಲಾಗದೆ ಒದ್ದಾಡುತ್ತಿದ್ದ ಕಂಡೆನ್ಸರ್‌ನ ಒಂದಷ್ಟು ಜಾಗವನ್ನು ಜಾಸ್ತಿ ಗ್ಯಾಸ್ ದ್ರವವಾಗಿ ತುಂಬಿಕೊಂಡಿತ್ತು. ಎರಡನೇ ಸಲ ಗ್ಯಾಸ್ ಹಾಕಿಸಿದಾಗ ಕೂಲಿಂಗ್ ಹಾಳಾದದ್ದು ಇದಕ್ಕೇ.

ಫ್ಯಾನ್ ಸತ್ತ ಕಾರನ್ನು ಹಾಗೇ ತಿಂಗಳುಗಟ್ಟಲೆ ಓಡಿಸಿದರೆ ಇನ್ನೊಂದು ತೊಂದರೆ. ಪ್ರತಿ ಸಿಗ್ನಲ್‌ನಲ್ಲೂ ಒತ್ತಡ ಏರಿ ಏರಿ, ಪೈಪ್ ಜೋಡಣೆಯ ಸೋತ ರಬ್ಬರ್ ಓ-ರಿಂಗ್‌ನಿಂದಲೋ ಕಂಪ್ರೆಸರ್ ಸೀಲ್‌ನಿಂದಲೋ ಗ್ಯಾಸ್ ಸೋರಲು ಶುರುವಾಗುತ್ತದೆ. ಆಗ ಎರಡೂ ದೋಷ ಒಟ್ಟಿಗೆ ಇರುತ್ತವೆ. ನೀರು ಹಾಕಿದಾಗ ಅರ್ಧ ಸುಧಾರಿಸಿ, ಎಂಜಿನ್ ವೇಗ ಏರಿಸಿದಾಗ ಇನ್ನರ್ಧ ಸುಧಾರಿಸಿದರೆ ಇದನ್ನೇ ಅನುಮಾನಿಸಿ. ಮೊದಲು ಫ್ಯಾನ್, ಆಮೇಲೆ ಲೀಕ್, ಕೊನೆಗೆ ಗ್ಯಾಸ್. ಈ ಕ್ರಮದಲ್ಲೇ ಮಾಡಿಸಿ.

ಗ್ಯಾಸ್ ತುಂಬಿಸುವಾಗ ಹೀಗೆ ಕೇಳಿ: ಇದ್ದ ಗ್ಯಾಸ್ ಮೆಷಿನ್‌ಗೆ ಎಳೆದು ಎಷ್ಟು ಗ್ರಾಂ ಬಂತು ಹೇಳಿ, ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ನೋಡಿ, ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಹಾಕಿ, ಸ್ಟಿಕ್ಕರ್‌ನಲ್ಲಿರುವಷ್ಟೇ ಗ್ರಾಂ ತೂಕ ಮಾಡಿ ತುಂಬಿ. "ಗೇಜ್ ನೋಡಿ ಅಂದಾಜಲ್ಲಿ ಹಾಕ್ತೀವಿ" ಅಂದರೆ ಬೇರೆ ಕಡೆ ಹೋಗಿ. ಅರ್ಧ ಕಿಲೋಗಿಂತ ಕಡಿಮೆ ಹಿಡಿಯುವ ಚಿಕ್ಕ ಕಾರಿನಲ್ಲಿ ನೂರು ಗ್ರಾಂ ಹೆಚ್ಚುಕಡಿಮೆ ಅಂದರೆ ಕಾಲು ಭಾಗವೇ ತಪ್ಪಿದ ಹಾಗೆ.

ಕೆಲಸ ಮುಗಿದ ಮೇಲೆ ಗ್ಯಾರೇಜಿನ ಮುಂದೆಯೇ ಥರ್ಮಾಮೀಟರ್ ಸಿಗಿಸಿ ಹದಿನೈದು ನಿಮಿಷ ಐಡಲ್‌ನಲ್ಲಿ ಕೂತು ನೋಡಿ, ಆಮೇಲೆ ದುಡ್ಡು ಕೊಡಿ. ನನ್ನದರಲ್ಲಿ 400 ಗ್ರಾಂ ತುಂಬಿದ ಮೇಲೆ ಗೇಜ್ 38 ಮತ್ತು 205ರಲ್ಲಿ ನಿಂತಿತು, ಪೇಪರ್ ಗ್ರಿಲ್‌ಗೆ ಅಂಟಿತು, ವೆಂಟ್ 11 ಡಿಗ್ರಿ ತೋರಿಸಿತು. ಮುಂದಿನ ಭಾನುವಾರ ಗೊರಗುಂಟೆಪಾಳ್ಯದಲ್ಲಿ ಮೂರು ಸಿಗ್ನಲ್ ಬಿದ್ದು ಹೋದರೂ ಅಮ್ಮ ಸೆರಗು ಎತ್ತಲಿಲ್ಲ.